ಉಯಿಲಿನ ಹೊರಗುಳಿದ ಮಗಳು

(ಮಂಗಳೂರಿನ ಒಂದು ವಕೀಲರ ಕಚೇರಿ. ಹಿರಿಯ ವಕೀಲರು, ಅವರ ಕೈಕೆಳಗೆ ಕೆಲಸ ಕಲಿಯುತ್ತಿರುವ ಕಿರಿಯ ವಕೀಲೆ.)

ಕಿರಿಯರು: ಸರ್, ಉಯಿಲಿನ ಕರಡು ಬರೆಯಲು ಕೂತೆ. ಎರಡನೇ ಪುಟದಲ್ಲೇ ನಿಂತುಹೋದೆ. ಕಕ್ಷಿದಾರರು ಕ್ರೈಸ್ತರು, ಭಾರತದ ಪೌರರು. ಮೂವತ್ತು ವರ್ಷ ಜರ್ಮನಿಯಲ್ಲಿ ದುಡಿದು, ಎಂಟು ವರ್ಷದ ಹಿಂದೆ ಊರಿಗೆ ಮರಳಿ ನೆಲೆಸಿದ್ದಾರೆ. ಇಲ್ಲಿ ಮನೆಯಿದೆ. ಸ್ಟುಟ್‌ಗಾರ್ಟಿನಲ್ಲಿ ಸುಮಾರು 4 ಲಕ್ಷ ಯೂರೊ ಬೆಲೆಯ ಒಂದು ಫ್ಲಾಟ್ ಇದೆ, ಅಲ್ಲಿನ ಬ್ಯಾಂಕಿನಲ್ಲಿ 1 ಲಕ್ಷ ಯೂರೊ ಇದೆ. ಹೆಂಡತಿ ತೀರಿಕೊಂಡಿದ್ದಾರೆ. ಮಗ ಇಲ್ಲಿ, ಮಗಳು ಸ್ಟುಟ್‌ಗಾರ್ಟಿನಲ್ಲಿ ನರ್ಸ್. ಎಲ್ಲವೂ ಮಗನಿಗೆ, ಮಗಳಿಗೆ ಏನೂ ಬೇಡ ಎನ್ನುತ್ತಾರೆ.

ಹಿರಿಯರು: ಯಾಕಂತೆ?

ಕಿರಿಯರು: ಹೇಳಲಿಲ್ಲ. ನಾನೂ ಒತ್ತಾಯಿಸಲಿಲ್ಲ. ನಮ್ಮ ಕಾನೂನಿನ ಪ್ರಕಾರ ಕಾರಣ ಕೊಡಬೇಕಾಗಿಲ್ಲವಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಕ್ರೈಸ್ತರು ತಮ್ಮ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಮಕ್ಕಳಿಗೆ ಇಷ್ಟು ಬಿಡಲೇಬೇಕು ಎಂಬ ನಿಯಮ ಇಲ್ಲ.

ಹಿರಿಯರು: ಜರ್ಮನಿಯಲ್ಲಿ ಇದೆ. ಉಯಿಲಿನಲ್ಲಿ ಹೊರಗಿಟ್ಟ ಮಗುವಿಗೂ, ಉಯಿಲೇ ಇಲ್ಲದಿದ್ದರೆ ಎಷ್ಟು ಸಿಗುತ್ತಿತ್ತೋ ಅದರ ಅರ್ಧದಷ್ಟು ಹಣ ಕೇಳುವ ಹಕ್ಕಿದೆ. ಇಬ್ಬರೇ ಮಕ್ಕಳು, ತಾಯಿ ಇಲ್ಲ. ಹಾಗಾಗಿ ಉಯಿಲಿಲ್ಲದಿದ್ದರೆ ಮಗಳಿಗೆ ಅರ್ಧ, ಉಯಿಲು ಹೊರಗಿಟ್ಟರೆ ಕಾಲುಪಾಲು. ಫ್ಲಾಟಿನಲ್ಲಿ ಪಾಲು ಕೊಡುವುದಿಲ್ಲ. ಮಗನ ಮೇಲೆ ಹಣದ ಬೇಡಿಕೆ ಹುಟ್ಟುತ್ತದೆ, ಅಷ್ಟೆ. ಇದನ್ನು ಕಡ್ಡಾಯ ಪಾಲು ಅನ್ನೋಣ.

ಕಿರಿಯರು: ಹಾಗಾದರೆ ಇರುವುದು ಒಂದೇ ಪ್ರಶ್ನೆ. ಸ್ಟುಟ್‌ಗಾರ್ಟಿನ ಆಸ್ತಿಗೆ ಯಾವ ದೇಶದ ಕಾನೂನು? ಯುರೋಪಿಯನ್ ಒಕ್ಕೂಟದ 650/2012 ನಿಯಮಾವಳಿ ಓದಿದೆ. 2015ರ ಆಗಸ್ಟ್ 17ರಿಂದ ಈಚೆಗೆ ತೀರಿಕೊಂಡವರಿಗೆಲ್ಲ ಅದು ಅನ್ವಯ. ಡೆನ್ಮಾರ್ಕ್, ಐರ್ಲೆಂಡ್ ಮಾತ್ರ ಹೊರಗೆ. ಅದರ 21ನೇ ವಿಧಿ ಪ್ರಕಾರ, ಸಾಯುವಾಗ ಎಲ್ಲಿ ವಾಡಿಕೆಯಾಗಿ ವಾಸವಿದ್ದರೋ ಅಲ್ಲಿನ ಕಾನೂನು. ಇವರು ಮಂಗಳೂರಿನವರು. ಅಂದರೆ ಭಾರತದ ಕಾನೂನು, ಮಗಳಿಗೆ ಏನೂ ಇಲ್ಲ. ಇಲ್ಲಿಗೆ ಮುಗಿಯಬೇಕಿತ್ತು.

ಹಿರಿಯರು: 34ನೇ ವಿಧಿ ಓದಿದ ಮೇಲೆ ನಿಂತುಹೋದೆ, ಅಲ್ಲವೇ?

ಕಿರಿಯರು: ಹೌದು ಸರ್. ಅದನ್ನು ಓದಿದ ಮೇಲೆ ಭಾರತದ ಕಾನೂನು ಎಂದರೆ ಏನು ಎಂಬುದೇ ಗೊತ್ತಾಗದಂತಾಯಿತು.

ಹಿರಿಯರು: ಸರಿಯಾದ ಜಾಗದಲ್ಲೇ ನಿಂತಿದ್ದೀ. ಒಂದು ದೇಶದ ಕಾನೂನಿನಲ್ಲಿ ಎರಡು ಬಗೆಯ ನಿಯಮಗಳಿರುತ್ತವೆ. ಯಾರಿಗೆ ಎಷ್ಟು ಪಾಲು ಎಂದು ಹೇಳುವುದು ಒಂದು ಬಗೆ. ಈ ಪ್ರಕರಣಕ್ಕೆ ಯಾವ ದೇಶದ ಕಾನೂನು ನೋಡಬೇಕು ಎಂದು ಬೆರಳು ತೋರಿಸುವುದು ಇನ್ನೊಂದು ಬಗೆ. ಜರ್ಮನ್ ನ್ಯಾಯಾಧೀಶರು ಭಾರತದ ಕಾನೂನು ನೋಡುತ್ತೇನೆ ಎಂದಾಗ, ಪಾಲು ಹೇಳುವ ನಿಯಮ ಮಾತ್ರ ನೋಡುತ್ತಾರೋ, ಬೆರಳು ತೋರಿಸುವ ನಿಯಮವನ್ನೂ ನೋಡುತ್ತಾರೋ? ಎರಡನೆಯದನ್ನೂ ನೋಡಿದರೆ, ಆ ಬೆರಳು ಜರ್ಮನಿಯ ಕಡೆಗೇ ತಿರುಗಿರಬಹುದು. ಹಾಗೆ ಮರಳಿ ಬರುವುದಕ್ಕೆ ರೆನ್‌ವಾ ಎನ್ನುತ್ತಾರೆ.

ಕಿರಿಯರು: ನಮ್ಮ ಬೆರಳು ಎತ್ತ ತೋರಿಸುತ್ತದೆ? ಉತ್ತರಾಧಿಕಾರ ಕಾಯ್ದೆಯ 5ನೇ ಕಲಂ ನೋಡಿದೆ. ಭಾರತದಲ್ಲಿರುವ ಸ್ಥಿರಾಸ್ತಿಗೆ ಭಾರತದ ಕಾನೂನು, ಸತ್ತವರ ಡೊಮಿಸೈಲ್ ಎಲ್ಲೇ ಇರಲಿ. ಚರಾಸ್ತಿಗೆ ಡೊಮಿಸೈಲ್ ಇದ್ದ ದೇಶದ ಕಾನೂನು. ಹೊರದೇಶದಲ್ಲಿರುವ ಸ್ಥಿರಾಸ್ತಿಯ ಬಗ್ಗೆ ಆ ಕಲಂ ಮೌನ.

ಹಿರಿಯರು: ಆ ಮೌನವನ್ನು ಕಾಮನ್ ಲಾ ತುಂಬುತ್ತದೆ. ಸ್ಥಿರಾಸ್ತಿ ಎಲ್ಲಿದೆಯೋ ಅಲ್ಲಿನ ಕಾನೂನು. ಇಂಗ್ಲೆಂಡಿನಿಂದ ಬಂದ ಈ ನಿಯಮವನ್ನು ನಾವು ಬಿಟ್ಟಿಲ್ಲ. ಇನ್ನೊಂದು ವಿಷಯ, 5ನೇ ಕಲಂ ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನರಿಗೆ ಅನ್ವಯಿಸುವುದಿಲ್ಲ. 4ನೇ ಕಲಂ ಅವರನ್ನು ಹೊರಗಿಟ್ಟಿದೆ. ನಮ್ಮ ಕಕ್ಷಿದಾರರು ಕ್ರೈಸ್ತರಾದ್ದರಿಂದ ಅನ್ವಯಿಸುತ್ತದೆ. ಯಾವ ಸಮುದಾಯಕ್ಕೆ ಯಾವ ಕಾಯ್ದೆ ಎಂಬುದನ್ನು ಜರ್ಮನ್ ನ್ಯಾಯಾಧೀಶರು ತಾವಾಗಿ ಊಹಿಸುವಂತಿಲ್ಲ. ಅದನ್ನು ಭಾರತದ ನಿಯಮಗಳೇ ಹೇಳಲಿ ಎಂದು ನಿಯಮಾವಳಿಯ 37ನೇ ವಿಧಿ ಬಿಟ್ಟುಕೊಟ್ಟಿದೆ.

ಕಿರಿಯರು: ಹಾಗಾದರೆ ಫ್ಲಾಟಿಗೆ ನಮ್ಮ ಬೆರಳು ಜರ್ಮನಿಯನ್ನು ತೋರಿಸುತ್ತದೆ. ಬ್ಯಾಂಕಿನ ಹಣಕ್ಕೆ, ಡೊಮಿಸೈಲ್ ಭಾರತದಲ್ಲಿರುವುದರಿಂದ, ಭಾರತವನ್ನೇ ತೋರಿಸುತ್ತದೆ.

ಹಿರಿಯರು: ಈಗ 34ನೇ ವಿಧಿಗೆ ಬಾ. ಒಕ್ಕೂಟದ ಹೊರಗಿನ ದೇಶವೊಂದರ ಕಾನೂನು ಅನ್ವಯವಾದಾಗ, ಆ ದೇಶದ ಬೆರಳು ತೋರಿಸುವ ನಿಯಮವನ್ನೂ ನೋಡಬೇಕು. ಅದು ಒಕ್ಕೂಟದ ಸದಸ್ಯ ದೇಶದ ಕಾನೂನಿಗೆ ಮರಳಿಸಿದರೆ ಒಪ್ಪಿಕೊಳ್ಳಬೇಕು. ಮೂರನೆಯ ಹೊರದೇಶಕ್ಕೆ ಕಳಿಸಿದರೆ, ಆ ದೇಶ ತನ್ನ ಕಾನೂನನ್ನೇ ಅನ್ವಯಿಸುವುದಾದರೆ ಮಾತ್ರ ಒಪ್ಪಬೇಕು. ನಮ್ಮದು ಮೊದಲ ಬಗೆ. ಫ್ಲಾಟಿಗೆ ಜರ್ಮನ್ ಕಾನೂನು. 4 ಲಕ್ಷದ ಕಾಲುಪಾಲು 1 ಲಕ್ಷ ಯೂರೊ, ಮಗಳಿಗೆ. ಬ್ಯಾಂಕಿನ ಹಣದಲ್ಲಿ ಅವಳಿಗೆ ಏನೂ ಇಲ್ಲ. ಒಬ್ಬ ಮನುಷ್ಯನ ಆಸ್ತಿ ಎರಡು ಕಾನೂನಿನ ಅಡಿಯಲ್ಲಿ ಸೀಳಿಹೋಯಿತು.

ಕಿರಿಯರು: ಇಡೀ ಆಸ್ತಿಗೆ ಒಂದೇ ಕಾನೂನು ಇರಲಿ ಎಂದೇ ಆ ನಿಯಮಾವಳಿ ತಂದದ್ದಲ್ಲವೇ? ಹಿಂಬಾಗಿಲಿನಿಂದ ಸೀಳನ್ನು ಒಳಗೆ ಬಿಟ್ಟದ್ದು ಯಾಕೆ?

ಹಿರಿಯರು: ಎರಡು ದೇಶಗಳ ನ್ಯಾಯಾಲಯಗಳು ಒಂದೇ ಉತ್ತರ ಕೊಡಲಿ ಎಂಬ ಆಸೆಯಿಂದ. ಈ ಫ್ಲಾಟಿನ ಪ್ರಶ್ನೆ ಮಂಗಳೂರಿನ ನ್ಯಾಯಾಲಯದಲ್ಲಿ ಎದ್ದರೆ ಇಲ್ಲಿನವರೂ ಜರ್ಮನ್ ಕಾನೂನು ಎನ್ನುತ್ತಾರೆ. ಸ್ಟುಟ್‌ಗಾರ್ಟಿನಲ್ಲೂ ಅದೇ ಉತ್ತರ ಬರುತ್ತದೆ. ಯಾವ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಲಾಭ ಎಂಬ ಓಟ ಅಲ್ಲಿಗೆ ನಿಲ್ಲುತ್ತದೆ. ಆ ಆಸೆ ಒಳ್ಳೆಯದೇ. ಆದರೆ ಅದರ ಮೇಲೆ ಪೂರ್ತಿ ಭಾರ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಎರಡು ಹಳೆಯ ತೀರ್ಪುಗಳಿವೆ. ಎರಡರಲ್ಲೂ ಪ್ರಶ್ನೆ ಮಕ್ಕಳ ಪಾಲಿನದೇ.

ಕಿರಿಯರು: ಅನ್ನೆಸ್ಲಿ ಮತ್ತು ರಾಸ್. ಹೆಸರು ಗೊತ್ತು, ತೀರ್ಪು ಓದಿಲ್ಲ.

ಹಿರಿಯರು: ಅನ್ನೆಸ್ಲಿ ಎಂಬ ಬ್ರಿಟಿಷ್ ಹೆಂಗಸು ದಶಕಗಳ ಕಾಲ ಫ್ರಾನ್ಸಿನಲ್ಲಿದ್ದು 1924ರಲ್ಲಿ ಅಲ್ಲೇ ತೀರಿಕೊಂಡರು. ಇಬ್ಬರು ಹೆಣ್ಣುಮಕ್ಕಳು. ಉಯಿಲಿನಲ್ಲಿ ಇಡೀ ಆಸ್ತಿಯನ್ನು ತಮ್ಮ ಇಷ್ಟದಂತೆ ಬರೆದಿದ್ದರು. ಫ್ರೆಂಚ್ ಕಾನೂನಿನ ಪ್ರಕಾರ ಇಬ್ಬರು ಮಕ್ಕಳಿದ್ದರೆ ಇಷ್ಟದಂತೆ ಬರೆಯಬಹುದಾದದ್ದು ಮೂರನೇ ಒಂದು ಭಾಗ ಮಾತ್ರ. ಇಂಗ್ಲಿಷ್ ನ್ಯಾಯಾಧೀಶರಿಗೆ ಅವರ ಡೊಮಿಸೈಲ್ ಫ್ರಾನ್ಸ್. ಹಾಗಾಗಿ 1926ರಲ್ಲಿ ಅವರು ತಮ್ಮನ್ನೇ ಫ್ರೆಂಚ್ ನ್ಯಾಯಾಧೀಶರ ಕುರ್ಚಿಯಲ್ಲಿ ಕೂರಿಸಿಕೊಂಡು ಯೋಚಿಸಿದರು. ಫ್ರೆಂಚ್ ನ್ಯಾಯಾಧೀಶರು ಮೊದಲು ಈಕೆಯ ರಾಷ್ಟ್ರೀಯತೆ ನೋಡಿ ಇಂಗ್ಲಿಷ್ ಕಾನೂನಿಗೆ ಕಳಿಸುತ್ತಾರೆ. ಇಂಗ್ಲಿಷ್ ಕಾನೂನು ಡೊಮಿಸೈಲ್ ನೋಡಿ ಮರಳಿಸುತ್ತದೆ. ಫ್ರಾನ್ಸ್ ಆ ಮರಳಿಕೆಯನ್ನು ಒಪ್ಪುತ್ತದೆ. ಕೊನೆಗೆ ಫ್ರೆಂಚ್ ಕಾನೂನು. ಉಯಿಲು ನಡೆದದ್ದು ಮೂರನೇ ಒಂದು ಭಾಗಕ್ಕೆ ಮಾತ್ರ.

ಕಿರಿಯರು: ರಾಸ್?

ಹಿರಿಯರು: ಜಾನೆಟ್ ರಾಸ್, ಫ್ಲಾರೆನ್ಸಿನ ಹತ್ತಿರ ಬಾಳಿದ ಇಂಗ್ಲಿಷ್ ಲೇಖಕಿ. 1927ರಲ್ಲಿ ತೀರಿಕೊಂಡರು. ಮಗನಿಗೆ ಏನೂ ಬಿಡಲಿಲ್ಲ. ಇಟಲಿಯ ಕಾನೂನಿನ ಪ್ರಕಾರ ಮಗ ಅರ್ಧ ಕೇಳಬಹುದಿತ್ತು. ಇಲ್ಲೂ ಇಂಗ್ಲಿಷ್ ನ್ಯಾಯಾಧೀಶರು ಇಟಲಿಯ ಕುರ್ಚಿಯಲ್ಲಿ ಕೂತರು. ಆದರೆ ಆಗಿನ ಇಟಲಿ ಮರಳಿಕೆಯನ್ನು ಒಪ್ಪುತ್ತಿರಲಿಲ್ಲ. ರಾಷ್ಟ್ರೀಯತೆ ಇಂಗ್ಲಿಷ್, ಹಾಗಾಗಿ ಇಂಗ್ಲೆಂಡಿನ ಪಾಲಿನ ನಿಯಮ, ಅಷ್ಟಕ್ಕೇ ನಿಲ್ಲುತ್ತಿತ್ತು. 1930ರಲ್ಲಿ ಮಗ ಸೋತ.

ಕಿರಿಯರು: ಅಂದರೆ ಹೆಚ್ಚುಕಡಿಮೆ ಒಂದೇ ಸಂಗತಿ. ಇಬ್ಬರೂ ಇಂಗ್ಲಿಷ್ ತಾಯಂದಿರು, ಪರದೇಶದಲ್ಲಿ ನೆಲೆ, ತಾಯಿಯ ಇಷ್ಟಕ್ಕೆ ಎದುರಾಗಿ ಮಕ್ಕಳ ಪಾಲು. ಒಂದು ಕಡೆ ಉಯಿಲಿನ ಮೂರನೇ ಎರಡು ಭಾಗ ಬಿದ್ದುಹೋಯಿತು, ಇನ್ನೊಂದು ಕಡೆ ಪೂರ್ತಿ ಉಳಿಯಿತು. ವ್ಯತ್ಯಾಸ ಇದ್ದದ್ದು ಆ ದೇಶ ರೆನ್‌ವಾ ಒಪ್ಪುತ್ತದೆಯೇ ಇಲ್ಲವೇ ಎಂಬುದರಲ್ಲಿ ಮಾತ್ರ. ಮಕ್ಕಳ ಬಗ್ಗೆ ಯಾರೂ ಯೋಚಿಸಲೇ ಇಲ್ಲವಲ್ಲ ಸರ್!

ಹಿರಿಯರು: ಯೋಚಿಸುವುದು ರೆನ್‌ವಾದ ಕೆಲಸವೇ ಅಲ್ಲ. ಅದು ಬರೀ ದಾರಿ ಹುಡುಕುತ್ತದೆ. ಆ ದಾರಿ ಮಗುವಿಗೆ ಒಳ್ಳೆಯದೋ ಕೆಟ್ಟದ್ದೋ ಕೇಳುವುದಿಲ್ಲ. ಇನ್ನೊಂದು ದೋಷ ನೋಡು. ಇಂಗ್ಲಿಷ್ ನ್ಯಾಯಾಧೀಶರು ಪರದೇಶದ ಕುರ್ಚಿಯಲ್ಲಿ ಕೂತರು ಸರಿ, ಆ ದೇಶದವರೂ ಇಂಗ್ಲೆಂಡಿನ ಕುರ್ಚಿಯಲ್ಲಿ ಕೂತು ಯೋಚಿಸಲು ಹೊರಟರೆ? ಇಬ್ಬರೂ ಮತ್ತೊಬ್ಬರ ಉತ್ತರಕ್ಕೆ ಕಾಯುತ್ತಾರೆ, ಉತ್ತರವೇ ಬರುವುದಿಲ್ಲ. ಯುರೋಪಿನ 34ನೇ ವಿಧಿ ಅಷ್ಟು ದೂರ ಹೋಗುವುದಿಲ್ಲ. ಹೊರದೇಶದ ಬೆರಳು ಎತ್ತ ತಿರುಗಿದೆ ಎಂದು ಒಮ್ಮೆ ನೋಡುತ್ತದೆ, ಅಲ್ಲಿಗೆ ನಿಲ್ಲಿಸುತ್ತದೆ. ಆ ಮಿತಿ ನನಗೆ ಒಪ್ಪಿಗೆ. ಒಪ್ಪಂದಗಳ ವಿಷಯದಲ್ಲಂತೂ ರೆನ್‌ವಾ ಬೇಡವೇ ಬೇಡ ಎಂದು 1992ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಎನ್‌ಟಿಪಿಸಿ ಮತ್ತು ಸಿಂಗರ್ ಕಂಪನಿಯ ಪ್ರಕರಣದಲ್ಲಿ ಹೇಳಿದೆ. ವ್ಯಾಪಾರಿಗಳು ಒಂದು ದೇಶದ ಕಾನೂನು ಆರಿಸಿಕೊಂಡರೆ ಅವರ ಮನಸ್ಸಿನಲ್ಲಿರುವುದು ಆ ದೇಶದ ಒಪ್ಪಂದದ ನಿಯಮ, ಬೆರಳು ತೋರಿಸುವ ನಿಯಮ ಅಲ್ಲ.

ಕಿರಿಯರು: ಅದೇ ತರ್ಕ ಉಯಿಲಿಗೂ ಇದೆ. 22ನೇ ವಿಧಿಯ ಪ್ರಕಾರ, ಒಬ್ಬ ವ್ಯಕ್ತಿ ತನ್ನ ರಾಷ್ಟ್ರೀಯತೆಯ ಕಾನೂನನ್ನು ಉಯಿಲಿನಲ್ಲಿ ಆರಿಸಿಕೊಳ್ಳಬಹುದು. ಹಾಗೆ ಆರಿಸಿದರೆ ರೆನ್‌ವಾ ಇಲ್ಲ ಎಂದು 34ನೇ ವಿಧಿಯ ಎರಡನೇ ಭಾಗ ಹೇಳುತ್ತದೆ. ನಮ್ಮ ಕಕ್ಷಿದಾರರು ಭಾರತದ ಪೌರರು. ನನ್ನ ಇಡೀ ಉತ್ತರಾಧಿಕಾರಕ್ಕೆ ಭಾರತದ ಕಾನೂನು ಅನ್ವಯವಾಗಲಿ ಎಂದು ಒಂದು ವಾಕ್ಯ ಸೇರಿಸಿದರೆ ಸಾಕು. ಫ್ಲಾಟ್ ಕೂಡ ಭಾರತದ ಕಾನೂನಿಗೆ ಬರುತ್ತದೆ. ಒಂದು ವಾಕ್ಯದಿಂದ ಮಗಳ 1 ಲಕ್ಷ ಯೂರೊ ಹೋಗುತ್ತದೆ.

ಹಿರಿಯರು: ಆ ವಾಕ್ಯ ಬರೆಯಲು ಕೈ ಬರಲಿಲ್ಲ, ಅಲ್ಲವೇ?

ಕಿರಿಯರು: ಬರಲಿಲ್ಲ. ಆಮೇಲೆ ಅನ್ನಿಸಿತು, ಜರ್ಮನ್ ನ್ಯಾಯಾಲಯ ಇದನ್ನು ಸುಮ್ಮನೆ ನೋಡುತ್ತಾ ಕೂರುತ್ತದೆಯೇ? 35ನೇ ವಿಧಿ ಇದೆಯಲ್ಲ. ಪರದೇಶದ ಕಾನೂನು ಅನ್ವಯಿಸುವುದು ತನ್ನ ಸಾರ್ವಜನಿಕ ನೀತಿಗೆ ಸ್ಪಷ್ಟವಾಗಿ ಹೊಂದದಿದ್ದರೆ ನ್ಯಾಯಾಲಯ ಅದನ್ನು ನಿರಾಕರಿಸಬಹುದು.

ಹಿರಿಯರು: ಜರ್ಮನಿಯ ಫೆಡರಲ್ ನ್ಯಾಯಾಲಯ 2022ರ ಜೂನ್ 29ರಂದು ಅದನ್ನೇ ಮಾಡಿತು. ಒಬ್ಬ ಬ್ರಿಟಿಷ್ ಪೌರ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಜರ್ಮನಿಯಲ್ಲಿ ಬಾಳಿದ್ದ. 1975ರಲ್ಲಿ ಅಲ್ಲೇ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡ. 2015ರ ಉಯಿಲಿನಲ್ಲಿ ಇಂಗ್ಲಿಷ್ ಕಾನೂನನ್ನು ಆರಿಸಿಕೊಂಡು ಎಲ್ಲವನ್ನೂ ಬೇರೊಬ್ಬರಿಗೆ ಬರೆದ. 2018ರಲ್ಲಿ ತೀರಿಕೊಂಡ. ದತ್ತುಮಗ ಕಡ್ಡಾಯ ಪಾಲು ಕೇಳಿದ.

ಕಿರಿಯರು: ಇಂಗ್ಲೆಂಡಿನಲ್ಲೂ ಮಕ್ಕಳು ನ್ಯಾಯಾಲಯಕ್ಕೆ ಹೋಗಿ ಕೇಳಬಹುದಲ್ಲ? 1975ರ ಕಾಯ್ದೆ ಇದೆ.

ಹಿರಿಯರು: ಇದೆ. ಆದರೆ ಸತ್ತವರ ಡೊಮಿಸೈಲ್ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಇರಬೇಕು. ಕೊಡುವುದೂ ನ್ಯಾಯಾಧೀಶರ ವಿವೇಚನೆ. ಈತನ ಡೊಮಿಸೈಲ್ ಅಲ್ಲಿರಲಿಲ್ಲ, ಮಗನಿಗೆ ಆ ದಾರಿ ಮುಚ್ಚಿತ್ತು. ಜರ್ಮನಿಯಲ್ಲಿ ಮಕ್ಕಳ ಕಡ್ಡಾಯ ಪಾಲು ಸಂವಿಧಾನದ ಹಕ್ಕು. ಮಗುವಿಗೆ ಅಗತ್ಯವಿದೆಯೇ ಇಲ್ಲವೇ ಎಂಬುದು ಅದಕ್ಕೆ ಮುಖ್ಯವಲ್ಲ ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2005ರಲ್ಲೇ ಹೇಳಿತ್ತು. ಆ ಮೂಲದಿಂದ ಹೊರಟು, ಫೆಡರಲ್ ನ್ಯಾಯಾಲಯ ಇಂಗ್ಲಿಷ್ ಕಾನೂನನ್ನು ಆ ಮಟ್ಟಿಗೆ ಬದಿಗಿಟ್ಟು ಜರ್ಮನ್ ಪಾಲು ಕೊಟ್ಟಿತು.

ಕಿರಿಯರು: ಹಾಗಾದರೆ ನಮ್ಮ ಕಕ್ಷಿದಾರರ ವಾಕ್ಯವೂ ಬೀಳುತ್ತದೆ. ನಮ್ಮಲ್ಲಿ 1975ರ ಕಾಯ್ದೆಯಂಥದ್ದೂ ಇಲ್ಲ.

ಹಿರಿಯರು: ಅವಸರ ಬೇಡ. ಸಾರ್ವಜನಿಕ ನೀತಿ ಪರದೇಶದ ಕಾನೂನಿನ ಪುಸ್ತಕವನ್ನು ತೂಗುವುದಿಲ್ಲ, ಈ ಪ್ರಕರಣದಲ್ಲಿ ಬರುವ ಫಲವನ್ನು ತೂಗುತ್ತದೆ. ಜೊತೆಗೆ ಪ್ರಕರಣಕ್ಕೂ ಈ ದೇಶಕ್ಕೂ ನಂಟು ಎಷ್ಟು ಗಟ್ಟಿ ಎಂದು ಕೇಳುತ್ತದೆ. ಆ ಬ್ರಿಟಿಷ್ ಪೌರನ ಬದುಕು ಪೂರ್ತಿ ಜರ್ಮನಿಯಲ್ಲಿತ್ತು, ಮಗ ಅಲ್ಲಿದ್ದ, ಆಸ್ತಿ ಅಲ್ಲಿತ್ತು. ನಮ್ಮವರು ಮಂಗಳೂರಿಗೆ ಬಂದು ಎಂಟು ವರ್ಷವಾಯಿತು. ಅಲ್ಲಿ ಉಳಿದದ್ದು ಒಂದು ಫ್ಲಾಟ್, ಒಂದು ಖಾತೆ ಮತ್ತು ಮಗಳು.

ಕಿರಿಯರು: ಮಗಳು ಕಡಿಮೆ ನಂಟೇ ಸರ್?

ಹಿರಿಯರು: ಅಲ್ಲ. ಅದಕ್ಕೇ ಬೀಳುವುದಿಲ್ಲ ಎಂದು ನಾನು ಹೇಳಲಿಲ್ಲ. ಬೀಳಬಹುದು, ಉಳಿಯಬಹುದು. ವಾಕ್ಯ ಬಿದ್ದರೆ ಬ್ಯಾಂಕಿನ ಹಣದ ಬಗ್ಗೆಯೂ ಅದೇ ಪ್ರಶ್ನೆ ಏಳುತ್ತದೆ ಎಂಬುದನ್ನು ಬರೆದಿಟ್ಟುಕೋ. ಆಗ 1 ಲಕ್ಷದ ಬದಲು 1.25 ಲಕ್ಷದ ಮಾತು. ಕಕ್ಷಿದಾರರಿಗೆ ಈ ಅಪಾಯವನ್ನು ಬಾಯಿಬಿಟ್ಟು ಹೇಳಬೇಕು. ಇನ್ನು ಫ್ರಾನ್ಸಿಗೆ ಬಾ. ಮೋರಿಸ್ ಜಾರ್ ಗೊತ್ತೇ? ಲಾರೆನ್ಸ್ ಆಫ್ ಅರೇಬಿಯಾ ಚಿತ್ರಕ್ಕೆ ಸಂಗೀತ ಕೊಟ್ಟವರು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ 2009ರಲ್ಲಿ ತೀರಿಕೊಂಡರು. ಎಲ್ಲವೂ ಕೊನೆಯ ಹೆಂಡತಿಗೆ. ಮೊದಲಿನ ಮಕ್ಕಳಿಗೆ ಏನೂ ಇಲ್ಲ. ಫ್ರಾನ್ಸಿನ ಅತ್ಯುಚ್ಚ ನ್ಯಾಯಾಲಯ 2017ರ ಸೆಪ್ಟೆಂಬರ್ 27ರಂದು ಹೇಳಿತು: ಕಡ್ಡಾಯ ಪಾಲಿಲ್ಲದ ಪರದೇಶದ ಕಾನೂನು ಅಷ್ಟಕ್ಕೇ ಸಾರ್ವಜನಿಕ ನೀತಿಗೆ ವಿರುದ್ಧವಾಗುವುದಿಲ್ಲ. ಈ ಪ್ರಕರಣದಲ್ಲಿ ಬರುವ ಫಲ ಫ್ರೆಂಚ್ ಕಾನೂನಿನ ಮೂಲತತ್ವಗಳಿಗೆ ಹೊಂದದಿದ್ದರೆ ಮಾತ್ರ ಅದನ್ನು ಬದಿಗಿಡಬಹುದು. ಅವರ ನೆಲೆ ಅಮೆರಿಕದಲ್ಲಿ ಹಳೆಯದು, ಗಟ್ಟಿಯಾದದ್ದು. ಮಕ್ಕಳು ಬಡತನದಲ್ಲೋ ಕಷ್ಟದಲ್ಲೋ ಇಲ್ಲ. ಬೇಡಿಕೆ ತಿರಸ್ಕೃತವಾಯಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಕೂಡ 2024ರ ಫೆಬ್ರವರಿಯಲ್ಲಿ ಇದರಲ್ಲಿ ಹಕ್ಕಿನ ಉಲ್ಲಂಘನೆ ಇಲ್ಲ ಎಂದಿತು.

ಕಿರಿಯರು: ಒಂದೇ ನಿಯಮಾವಳಿಯ ಅಡಿಯಲ್ಲಿರುವ ಎರಡು ನೆರೆದೇಶಗಳು, ಎರಡು ಉತ್ತರ. ನಿಮಗೆ ಯಾವುದು ಸರಿ?

ಹಿರಿಯರು: ಫ್ರಾನ್ಸಿನ ಅಳತೆ. ನಿಯಮಾವಳಿ ಬರೆದವರು ಆಯ್ಕೆಯ ಹಕ್ಕು ಕೊಡುವಾಗ ಮಕ್ಕಳನ್ನು ಮರೆತಿರಲಿಲ್ಲ. ಪೀಠಿಕೆಯ 38ನೇ ಕಂಡಿಕೆ ಓದು. ಜಗತ್ತಿನ ಯಾವ ಕಾನೂನನ್ನಾದರೂ ಆರಿಸಲು ಬಿಟ್ಟರೆ ಕಡ್ಡಾಯ ಪಾಲಿನವರಿಗೆ ಮೋಸವಾದೀತು ಎಂದೇ, ಆಯ್ಕೆಯನ್ನು ರಾಷ್ಟ್ರೀಯತೆಯ ಕಾನೂನಿಗೆ ಮಾತ್ರ ಕಟ್ಟಿದರು. ತೂಕ ಆಗಲೇ ಮಾಡಿದ್ದಾರೆ. ಒಂದು ದೇಶದ ನ್ಯಾಯಾಲಯ ಮತ್ತೆ ತೂಕದ ಕಲ್ಲು ಹಿಡಿದರೆ ಆಯ್ಕೆ ಕಾಗದದ ಮೇಲೆ ಉಳಿಯುತ್ತದೆ. ಅರ್ಧ ಜಗತ್ತಿನಲ್ಲಿ ಕಡ್ಡಾಯ ಪಾಲು ಎಂಬುದೇ ಇಲ್ಲ. ಅಲ್ಲೂ ತಂದೆ-ಮಕ್ಕಳ ಸಂಬಂಧಕ್ಕೆ ಬೆಲೆ ಇದೆ.

ಕಿರಿಯರು: ನಾನು ಒಪ್ಪುವುದಿಲ್ಲ ಸರ್. ಫ್ರಾನ್ಸಿನ ಅಳತೆಯಲ್ಲಿ ಮಗಳು ತನ್ನ ಬಡತನ ತೋರಿಸಬೇಕು. ನಮ್ಮ ಕಕ್ಷಿದಾರರ ಮಗಳಿಗೆ ಸಂಬಳ ಬರುತ್ತದೆ, ಬಾಡಿಗೆ ಕಟ್ಟುತ್ತಾಳೆ, ಅವಳು ಕಷ್ಟದಲ್ಲಿಲ್ಲ ಅಂತಾರೆ. ಆದರೆ ಕಡ್ಡಾಯ ಪಾಲಿನ ಅರ್ಥವೇ ಅದಲ್ಲವಲ್ಲ. ಮಕ್ಕಳಲ್ಲಿ ಒಬ್ಬರನ್ನು ಪೂರ್ತಿ ಅಳಿಸಿಹಾಕಲು ತಂದೆಗೆ ಅಧಿಕಾರವಿಲ್ಲ ಎಂಬುದು ಅದರ ತಿರುಳು. ಜರ್ಮನ್ ನ್ಯಾಯಾಲಯ ಅದನ್ನು ಹಿಡಿದಿದೆ. ಅಗತ್ಯ ನೋಡಿ ಕೊಡುವುದಾದರೆ ಅದು ಜೀವನಾಂಶ, ಪಾಲಲ್ಲ.

ಹಿರಿಯರು: ಜರ್ಮನಿಯೊಳಗೆ ಅದು ನಿಜ. ಎಂಟು ವರ್ಷದಿಂದ ಬೇರೆ ಕಾನೂನಿನ ಅಡಿಯಲ್ಲಿ ಬಾಳುತ್ತಿರುವ ಕುಟುಂಬದ ಮೇಲೂ ಅದೇ ತಿರುಳನ್ನು ಹೇರಬೇಕೇ?

ಕಿರಿಯರು: ಬೇರೆ ಕಾನೂನಿನ ಅಡಿಯಲ್ಲಿ ಬಾಳುತ್ತಿರುವುದು ತಂದೆ. ಮಗಳು ಜರ್ಮನಿಯ ಕಾನೂನಿನಲ್ಲೇ ಬೆಳೆದಳು, ಈಗಲೂ ಅಲ್ಲೇ ಇದ್ದಾಳೆ.

ಹಿರಿಯರು: ಇದನ್ನು ಅಲ್ಲಿನ ನ್ಯಾಯಾಲಯದ ಮುಂದೆ ಅವಳ ವಕೀಲರು ಹೇಳಿದರೆ ನಾನು ಕಿವಿಗೊಟ್ಟು ಕೇಳುತ್ತೇನೆ. ನನ್ನ ಅಳತೆ ಬದಲಾಗುವುದಿಲ್ಲ, ಆದರೆ ಆ ಮಾತಿಗೆ ತೂಕವಿದೆ.

ಕಿರಿಯರು: ರೆನ್‌ವಾ, ಸಾರ್ವಜನಿಕ ನೀತಿ ಆಯಿತು. ಇನ್ನು ಮೂರನೆಯದು, ಮೀರಿ ನಿಲ್ಲುವ ಕಡ್ಡಾಯ ನಿಯಮ. ಇದಕ್ಕೂ ಸಾರ್ವಜನಿಕ ನೀತಿಗೂ ಗಡಿ ಎಲ್ಲಿ ಎಂಬುದೇ ನನಗೆ ಮಸುಕು.

ಹಿರಿಯರು: ಯಾವಾಗ ಮಾತಾಡುತ್ತದೆ ಎಂದು ನೋಡು. ಸಾರ್ವಜನಿಕ ನೀತಿ ಕಾಯುತ್ತದೆ. ಪರದೇಶದ ಕಾನೂನು ಯಾವುದು ಎಂದು ಗೊತ್ತಾಗಬೇಕು, ಅದರಿಂದ ಏನು ಫಲ ಬರುತ್ತದೆ ಎಂದು ಕಾಣಬೇಕು, ಆಮೇಲೆ ಬೇಡ ಎನ್ನುತ್ತದೆ. ಮೀರಿ ನಿಲ್ಲುವ ನಿಯಮ ಕಾಯುವುದೇ ಇಲ್ಲ. ಯಾವ ದೇಶದ ಕಾನೂನು ಎಂದು ಹುಡುಕುವ ಮೊದಲೇ ಅದು ಜಾರಿಯಲ್ಲಿರುತ್ತದೆ. ಇದನ್ನು ಮೊದಲು ಒಂದು ವಿಚಾರವಾಗಿ ಕಟ್ಟಿಕೊಟ್ಟವರು ಫ್ರಾನ್ಸಿನಲ್ಲಿದ್ದ ಫ್ರಾನ್ಸೆಸ್ಕಾಕಿಸ್, 1958ರಲ್ಲಿ. ಕಟ್ಟಿದ್ದು ರೆನ್‌ವಾದ ಬಗ್ಗೆ ಬರೆದ ಪುಸ್ತಕದಲ್ಲೇ. ಪರದೇಶದ ಬೆರಳಿಗೆ ಎಷ್ಟು ಗೌರವ ಕೊಡಬೇಕು ಎಂದು ಯೋಚಿಸುತ್ತಾ ಹೋದವರಿಗೆ, ಕೆಲವು ನಿಯಮಗಳು ಆ ಬೆರಳನ್ನು ನೋಡುವುದೇ ಇಲ್ಲ ಎಂಬುದು ಕಂಡಿತು.

ಕಿರಿಯರು: ಉತ್ತರಾಧಿಕಾರದಲ್ಲಿ ಅಂಥದ್ದು ಯಾವುದು?

ಹಿರಿಯರು: ಜರ್ಮನಿಯ ಉತ್ತರ ಭಾಗದ ಹೊಲಗಳು. ಲೋಯರ್ ಸ್ಯಾಕ್ಸನಿಯಂಥ ನಾಲ್ಕು ರಾಜ್ಯಗಳಲ್ಲಿ ಕೃಷಿಭೂಮಿಯ ಉತ್ತರಾಧಿಕಾರಕ್ಕೆ ಪ್ರತ್ಯೇಕ ಕಾಯ್ದೆಯಿದೆ. ಒಂದು ಕುಟುಂಬದ ಬೇಸಾಯ ಚೂರಾಗದೆ ಒಬ್ಬ ವಾರಸುದಾರನಿಗೆ ಹೋಗಬೇಕು, ಉಳಿದವರಿಗೆ ಹಣ. ನಮ್ಮ ಕಕ್ಷಿದಾರರ ಬಳಿ ಫ್ಲಾಟಿನ ಬದಲು ಅಂಥ ಹೊಲ ಇದ್ದಿದ್ದರೆ, ಭಾರತದ ಕಾನೂನು ಆರಿಸಿಕೊಂಡಿದ್ದರೂ ಆ ನಿಯಮ ನಡೆಯುತ್ತಿತ್ತು. ಭಾರತದ ಕಾನೂನು ಕೆಟ್ಟದ್ದೆಂದಲ್ಲ. ಆ ಹೊಲ ಒಂದಾಗಿ ಉಳಿಯಬೇಕು ಎಂಬ ಉದ್ದೇಶಕ್ಕೆ ಸತ್ತವನು ಎಲ್ಲಿಯವನು ಎಂಬುದು ಬೇಕಾಗಿಯೇ ಇಲ್ಲ. ನಿಯಮಾವಳಿಯ 30ನೇ ವಿಧಿ ಇಂಥವನ್ನು ಉಳಿಸುತ್ತದೆ.

ಕಿರಿಯರು: ಹಾಗಾದರೆ ಒಂದು ದೇಶ ಕಡ್ಡಾಯ ಪಾಲನ್ನೇ ಇಂಥ ನಿಯಮ ಎಂದು ಘೋಷಿಸಿದರೆ ಮುಗಿಯಿತಲ್ಲ?

ಹಿರಿಯರು: ಅದನ್ನು ಮೊದಲೇ ಊಹಿಸಿ ತಡೆದಿದ್ದಾರೆ. ಪೀಠಿಕೆಯ 54ನೇ ಕಂಡಿಕೆ ಹೇಳುತ್ತದೆ, ಅನ್ವಯವಾಗುವ ಕಾನೂನಿಗಿಂತ ಹೆಚ್ಚಿನ ಕಡ್ಡಾಯ ಪಾಲು ಕೊಡುವ ನಿಯಮವನ್ನು 30ನೇ ವಿಧಿಯ ವಿಶೇಷ ನಿಯಮ ಎಂದು ಕರೆಯಬಾರದು. ಆದರೂ ಫ್ರಾನ್ಸ್ ಆ ದಾರಿ ಹಿಡಿಯಿತು. ಅಲ್ಲಿ 1819ರಿಂದ ಒಂದು ಕಾನೂನಿತ್ತು: ಪರದೇಶದ ಕಾನೂನಿನಿಂದ ಪಾಲು ತಪ್ಪಿದ ಫ್ರೆಂಚ್ ವಾರಸುದಾರ ಫ್ರಾನ್ಸಿನಲ್ಲಿರುವ ಆಸ್ತಿಯಿಂದ ಅದನ್ನು ತೆಗೆದುಕೊಳ್ಳಬಹುದು. ಫ್ರೆಂಚರಿಗೆ ಮಾತ್ರ ಈ ಹಕ್ಕು ಕೊಡುವುದು ಸಮಾನತೆಗೆ ವಿರುದ್ಧ ಎಂದು 2011ರಲ್ಲಿ ಅವರ ಸಂವಿಧಾನ ಪರಿಷತ್ತು ಅದನ್ನು ಹೊಡೆದುಹಾಕಿತು. ಜಾರ್ ಅವರ ಮಕ್ಕಳ ಕೈಯಿಂದ ಜಾರಿದ್ದು ಆ ಹಕ್ಕೇ. 2021ರ ಆಗಸ್ಟ್ 24ರ ಕಾನೂನು ಅದನ್ನು ಹೊಸ ರೂಪದಲ್ಲಿ ಸಿವಿಲ್ ಸಂಹಿತೆಯ 913ನೇ ವಿಧಿಗೆ ತಂದಿತು.

ಕಿರಿಯರು: ನಮ್ಮವರ ಫ್ಲಾಟ್ ಸ್ಟುಟ್‌ಗಾರ್ಟಿನ ಬದಲು ನೀಸ್ ನಗರದಲ್ಲಿದ್ದಿದ್ದರೆ ಏನಾಗುತ್ತಿತ್ತು?

ಹಿರಿಯರು: ಹಂತಹಂತವಾಗಿ ನೋಡೋಣ. ಉಯಿಲಿನಲ್ಲಿ ಆಯ್ಕೆಯ ವಾಕ್ಯ ಇಲ್ಲದಿದ್ದರೆ ರೆನ್‌ವಾ ಫ್ಲಾಟನ್ನು ಫ್ರೆಂಚ್ ಕಾನೂನಿಗೆ ತರುತ್ತದೆ, ಮಗಳಿಗೆ ಅದರಲ್ಲಿ ಪಾಲು ಸಿಗುತ್ತದೆ. ವಾಕ್ಯ ಇದ್ದರೆ ರೆನ್‌ವಾ ಮುಚ್ಚಿತು, ಭಾರತದ ಕಾನೂನು. ಮಗಳಿಗೆ ಸಂಬಳ ಬರುವುದರಿಂದ 2017ರ ಅಳತೆಯಲ್ಲಿ ಸಾರ್ವಜನಿಕ ನೀತಿಯೂ ಅವಳಿಗೆ ಒದಗುವುದಿಲ್ಲ. ಆಗ 913ನೇ ವಿಧಿ ಬರುತ್ತದೆ. ಸತ್ತವರು ಅಥವಾ ಅವರ ಮಕ್ಕಳಲ್ಲಿ ಒಬ್ಬರಾದರೂ ಒಕ್ಕೂಟದ ದೇಶವೊಂದರ ಪೌರರಾಗಿರಬೇಕು ಅಥವಾ ಅಲ್ಲಿ ವಾಡಿಕೆಯಾಗಿ ವಾಸಿಸುತ್ತಿರಬೇಕು. ಮಗಳು ಜರ್ಮನಿಯಲ್ಲಿದ್ದಾಳೆ, ಸಾಕು. ಅನ್ವಯವಾಗುವ ಪರದೇಶದ ಕಾನೂನಿನಲ್ಲಿ ಮಕ್ಕಳಿಗೆ ಕಡ್ಡಾಯ ಪಾಲಿನ ಯಾವ ವ್ಯವಸ್ಥೆಯೂ ಇರಬಾರದು. ನಮ್ಮಲ್ಲಿ ಕ್ರೈಸ್ತರಿಗೆ ಇಲ್ಲ. ಎರಡೂ ಕೂಡಿದರೆ, ಫ್ರಾನ್ಸಿನಲ್ಲಿರುವ ಆಸ್ತಿಯಿಂದ ಮಗಳು ಫ್ರೆಂಚ್ ಕಾನೂನಿನ ಪಾಲಿನಷ್ಟನ್ನು ತೆಗೆದುಕೊಳ್ಳಬಹುದು. ಇಬ್ಬರು ಮಕ್ಕಳಿದ್ದರೆ ತಲಾ ಮೂರನೇ ಒಂದು. ಇಂಥ ಹಕ್ಕಿದೆ ಎಂದು ಪಾಲು ತಪ್ಪಿದ ಮಗುವಿಗೆ ಪ್ರತ್ಯೇಕವಾಗಿ ತಿಳಿಸುವುದು ಅಲ್ಲಿನ ನೋಟರಿಯ ಕರ್ತವ್ಯ.

ಕಿರಿಯರು: ಮಗಳು ಬಡವಳೇ, ನಂಟು ಗಟ್ಟಿಯೇ ಎಂದು ಯಾರೂ ಕೇಳುವುದಿಲ್ಲ!

ಹಿರಿಯರು: ಕೇಳುವುದಿಲ್ಲ. ನನ್ನ ತಕರಾರು ಅಲ್ಲೇ ಇದೆ. ನ್ಯಾಯಾಲಯ 2017ರಲ್ಲಿ ಎಚ್ಚರದಿಂದ ತೂಗಿ ಬೇಡ ಎಂದದ್ದನ್ನು ಶಾಸಕಾಂಗ ತೂಗದೇ ಕೊಡಿ ಎಂದಿತು. ಇದು ಸಾರ್ವಜನಿಕ ನೀತಿಯೋ, ಮೀರಿ ನಿಲ್ಲುವ ನಿಯಮವೋ? ಮೊದಲನೆಯದು ಎಂದರೆ, ಪ್ರತಿ ಪ್ರಕರಣದ ಫಲ ನೋಡಬೇಕಿತ್ತು, ನೋಡುವುದಿಲ್ಲ. ಎರಡನೆಯದು ಎಂದರೆ, 54ನೇ ಕಂಡಿಕೆ ಅಡ್ಡ ನಿಂತಿದೆ. 2021ರ ನವೆಂಬರ್ 1ರಿಂದ ಈಚಿನ ಸಾವುಗಳಿಗೆ 913ನೇ ವಿಧಿಯ ಈ ಹಕ್ಕು ಜಾರಿಯಲ್ಲಿದೆ. ಯುರೋಪಿನ ನಿಯಮಾವಳಿಯ ಎದುರು ಅದು ನಿಲ್ಲುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ.

ಕಿರಿಯರು: ಅದರ ಉದ್ದೇಶ ನನಗೆ ಇಷ್ಟವಾಯಿತು ಸರ್, ದಾರಿ ಇಷ್ಟವಾಗಲಿಲ್ಲ. ಪರದೇಶದ ಕಾನೂನನ್ನು ಓದಿಯೇ ಅದು ಎಚ್ಚರಗೊಳ್ಳುತ್ತದೆ, ಹಾಗಾಗಿ ಹೊಲದ ನಿಯಮದ ಹಾಗೆ ಮೊದಲೇ ನಿಂತದ್ದೂ ಅಲ್ಲ. ಮಗಳಿಗೆ ನ್ಯಾಯ ಬೇಕಿದ್ದರೆ ಜರ್ಮನ್ ನ್ಯಾಯಾಲಯದ ಹಾಗೆ ಯಾಕೆ ಎಂದು ಕಾರಣ ಬರೆದು ಕೊಡಬೇಕಿತ್ತು.

ಹಿರಿಯರು: ಅಷ್ಟರ ಮಟ್ಟಿಗೆ ನಾವಿಬ್ಬರೂ ಒಂದೇ ಕಡೆ ಇದ್ದೇವೆ.

ಕಿರಿಯರು: ಈಗ ಕರಡು. ಆಯ್ಕೆಯ ವಾಕ್ಯ ಹಾಕಲೇ, ಬಿಡಲೇ?

ಹಿರಿಯರು: ಅದು ನಮ್ಮ ತೀರ್ಮಾನ ಅಲ್ಲ, ಅವರದು. ಆದರೆ ಅವರಿಗೆ ಗೊತ್ತಿಲ್ಲದೆ ತೀರ್ಮಾನವಾಗಬಾರದು. ಎರಡು ಕರಡು ಮಾಡು. ವಾಕ್ಯ ಇಲ್ಲದ್ದರ ಪಕ್ಕದಲ್ಲಿ, ಮಗಳು ಮಗನಿಂದ ಸುಮಾರು 1 ಲಕ್ಷ ಯೂರೊ ಕೇಳಬಹುದು ಎಂದು ಬರೆ. ವಾಕ್ಯ ಇರುವುದರ ಪಕ್ಕದಲ್ಲಿ, ಭಾರತದ ಕಾನೂನಿನಲ್ಲಿ ಅವಳಿಗೆ ಏನೂ ಇಲ್ಲ, ಆದರೆ 2022ರ ತೀರ್ಪು ಹಿಡಿದು ಅವಳು ವ್ಯಾಜ್ಯ ಹೂಡಬಹುದು, ಮಗ ಸೋತರೆ ಇನ್ನೂ ಹೆಚ್ಚು ಕೊಡಬೇಕಾದೀತು ಎಂದು ಬರೆ. ಮುಂದೆ ಅವರು ಜರ್ಮನಿಗೆ ಮರಳಿ ನೆಲೆಸಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ ಎಂಬುದನ್ನೂ ಸೇರಿಸು. ಆಗ ವಾಕ್ಯ ಇಲ್ಲದಿದ್ದರೆ ಇಡೀ ಆಸ್ತಿಗೆ ಜರ್ಮನ್ ಕಾನೂನು, ರೆನ್‌ವಾದ ಮಾತೇ ಬರುವುದಿಲ್ಲ.

ಕಿರಿಯರು: ಮೂರನೇ ಕರಡೂ ಮಾಡಲೇ? ಮಗಳಿಗೆ ಸ್ವಲ್ಪ ಬರೆದರೆ ವ್ಯಾಜ್ಯವೇ ತಪ್ಪಬಹುದು.

ಹಿರಿಯರು: ಮಾಡು. ಬ್ಯಾಂಕಿನ 1 ಲಕ್ಷ ಅವಳಿಗೆ, ಫ್ಲಾಟ್ ಮಗನಿಗೆ. ಹೇಗೂ ಅವಳು ಕೇಳಬಹುದಾದ ಮೊತ್ತಕ್ಕೆ ಹತ್ತಿರ ಬರುತ್ತದೆ. ಅದಕ್ಕೆ ಪ್ರತಿಯಾಗಿ ಕಡ್ಡಾಯ ಪಾಲನ್ನು ಬಿಟ್ಟುಕೊಡಲು ಮಗಳು ಒಪ್ಪಿದರೆ, ತಂದೆ ಬದುಕಿರುವಾಗಲೇ ಜರ್ಮನ್ ನೋಟರಿಯ ಮುಂದೆ ಆ ಒಪ್ಪಂದ ಮಾಡಿಕೊಳ್ಳಬಹುದು. ಅದರ ಕರಡು ಅಲ್ಲಿನ ವಕೀಲರೇ ಬರೆಯಲಿ.

ಕಿರಿಯರು: ಅವರಿಗೆ ಏನೇನು ತರಲು ಹೇಳಲಿ?

ಹಿರಿಯರು: ಫ್ಲಾಟಿನ ಜರ್ಮನ್ ಭೂದಾಖಲೆಯ ಪ್ರತಿ, ಜರ್ಮನಿಯಲ್ಲಿ ವಿಳಾಸ ರದ್ದು ಮಾಡಿಸಿದ ಕಾಗದ, ಪಾಸ್‌ಪೋರ್ಟು. ಇಲ್ಲಿ ಎಂಟು ವರ್ಷ ನೆಲೆಸಿದ್ದಕ್ಕೆ ವೈದ್ಯರ ಕಡತ, ತೆರಿಗೆ ಪತ್ರ, ಚರ್ಚಿನ ಸದಸ್ಯತ್ವ, ಏನಿದೆಯೋ ಅದು. ವಾಡಿಕೆಯ ವಾಸ ಎಲ್ಲಿ ಎಂಬುದು ಬರೀ ಹೇಳಿಕೆಯಿಂದ ತೀರ್ಮಾನವಾಗುವುದಿಲ್ಲ, ಬದುಕಿನ ಕುರುಹುಗಳಿಂದ ಆಗುತ್ತದೆ. ಮಗಳ ವಿಳಾಸವೂ ಬೇಕು. ಆಕೆಯೊಂದಿಗೆ ಮಾತಾಡುತ್ತಾರೋ ಇಲ್ಲವೋ ಕೇಳು. ಮಾತಾಡುತ್ತಿದ್ದರೆ ಮೂರನೇ ಕರಡಿನಿಂದ ಶುರು ಮಾಡೋಣ.